ಕೈಕುಲುಕೋದು ಎಲ್ಲಿಂದ ಬಂತು?

ಪ್ರಶ್ನೆ: ಕೈಕುಲುಕೋ ಪದ್ಧತಿ ಹೇಗೆ ಶುರುವಾಯ್ತು? ಬಲಗೈಯೇ ಯಾಕೆ?

ಎಲ್ಲರೂ ಹೇಳೋ ಕಾರಣ ಗೊತ್ತಲ್ವಾ: ಕತ್ತಿ ಹಿಡಿಯೋದು ಹೆಚ್ಚಾಗಿ ಬಲಗೈಯಲ್ಲಿ, ಅದನ್ನೇ ಖಾಲಿಯಾಗಿ ಚಾಚಿದರೆ ‘ಹೊಡೆಯಲ್ಲ’ ಅಂತ ಅರ್ಥ. ಇದು ಊಹೆ, ಆದರೆ ಒಪ್ಪುವಂಥದ್ದು.

ಹಳೇ ಸಾಕ್ಷಿ ಇರಾಕಿನ ನಿಮ್ರೂದ್‌ನಲ್ಲಿ ಸಿಕ್ಕಿದೆ. ಕ್ರಿ.ಪೂ. 9ನೇ ಶತಮಾನದ ಸಿಂಹಾಸನದ ಪೀಠದ ಕೆತ್ತನೆಯಲ್ಲಿ ಅಸ್ಸೀರಿಯಾದ ದೊರೆ ಮೂರನೇ ಶಾಲ್ಮನೇಸರ್ ಬ್ಯಾಬಿಲೋನಿನ ದೊರೆಯ ಕೈ ಹಿಡಿದು ನಿಂತಿದ್ದಾನೆ. ಆ ಬ್ಯಾಬಿಲೋನಿನ ದೊರೆ ತನ್ನ ತಮ್ಮನ ದಂಗೆ ಅಡಗಿಸೋಕೆ ಶಾಲ್ಮನೇಸರನ ನೆರವು ಪಡೆದಿದ್ದ. ಅಂದರೆ ಅದು ಸುಮ್ನೆ ನಮಸ್ಕಾರ ಅಲ್ಲ, ಒಪ್ಪಂದ.

ಗ್ರೀಕರಲ್ಲೂ ಹಾಗೇ. ‘ದೆಕ್ಸಿಯಾ’ ಅಂದರೆ ಬಲಗೈ, ಕೊಟ್ಟ ಮಾತು ಅಂತಲೂ ಅರ್ಥ. ಅಥೆನ್ಸ್ ನಗರ ಮತ್ತು ಸಾಮೋಸ್ ದ್ವೀಪದ ಸ್ನೇಹ ಸಾರೋ ಕೆತ್ತನೆಯ ಕಲ್ಲಿನ ಮೇಲೆ ಅಥೆನ್ಸಿನ ದೇವಿ ಅಥೀನಾ, ಸಾಮೋಸಿನ ದೇವಿ ಹೇರಾ ಪರಸ್ಪರ ಬಲಗೈ ಹಿಡಿದಿದ್ದಾರೆ. ಯುದ್ಧದ ದೇವತೆ ಅಥೀನಾ ಕೂಡ! ನಮ್ಮಲ್ಲಿ ಭಾಷೆ ಕೊಡುವಾಗ ಕೈ ಮೇಲೆ ಕೈ ಇಡೋದು ನೆನಪಾಗುತ್ತೆ ನನಗೆ.