ಒಂದೇ ಕೂರಿಕೆಯಲ್ಲಿ ಮೂರು ಕಾಗದ

ಪ್ರಶ್ನೆ: ಊರಿನ ಗ್ರಂಥಾಲಯದ ಕಾರ್ಯದರ್ಶಿ ನಾನು. ರಜೆಯ ದಿನ ಕುಳಿತು ಕವಿ ಕಯ್ಯಾರರ ಜನ್ಮದಿನದ ಆಮಂತ್ರಣ, ದಾರಿದೀಪಕ್ಕಾಗಿ ಪಂಚಾಯತಿಗೆ ಮನವಿ, ತೀರಿಕೊಂಡ ನಮ್ಮ ಹಿಂದಿನ ಅಧ್ಯಕ್ಷರ ಮನೆಯವರಿಗೆ ಸಂತಾಪ ಪತ್ರ, ಮೂರನ್ನೂ ಬರೆದೆ. ಹೆಸರುಗಳು ಒಂದೊಂದರಲ್ಲಿ ಒಂದೊಂದು ಬಗೆ, ತಾರೀಖಿನಲ್ಲಿ ಗೊಂದಲ. ಸಂತಾಪ ಪತ್ರವಂತೂ ಕಚೇರಿಯ ಕಾಗದದ ಹಾಗಿದೆ ಎಂದು ಮನೆಯವರು ನಕ್ಕರು. ಏನು ಮಾಡಲಿ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಹೆಸರು ಮತ್ತು ತಾರೀಖು ಮೂರು ಕಾಗದಗಳಲ್ಲೂ ಬದಲಾಗಬಾರದು; ಧಾಟಿ ಬದಲಾಗಲೇಬೇಕು. ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಲು ಹೋದರೆ ಎರಡೂ ಕೆಡುತ್ತವೆ. ಹಾಗಾಗಿ ಹೆಸರು, ತಾರೀಖುಗಳನ್ನು ಬರೆಯುವ ಮೊದಲೇ ತಲೆಯಿಂದ ಒಂದು ಹಾಳೆಗೆ ಇಳಿಸಿಬಿಡಿ. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದ ಕಾಲದಿಂದ ನಾನು ಇದನ್ನು ಬಿಟ್ಟಿಲ್ಲ.

ಹಾಳೆಯಲ್ಲಿ ಮೊದಲು ಬರೆಯಬೇಕಾದುದು ಕಯ್ಯಾರ ಕಿಞ್ಞಣ್ಣ ರೈ. ಮೊಬೈಲಿನಲ್ಲಿ 'ಞ' ಹುಡುಕಲು ಬೇಸರವಾಗಿ ಒಮ್ಮೆ 'ಕಿಂಞಣ್ಣ', ಇನ್ನೊಮ್ಮೆ 'ಕಿಂಜಣ್ಣ' ಎಂದು ಹೊಡೆಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹೆಸರನ್ನು ಒಂದೇ ಒಂದು ಸಲ ಸರಿಯಾಗಿ ಟೈಪ್ ಮಾಡಿ. ಆಮೇಲೆ ಹಾಳೆಯಿಂದ ನಕಲು ಮಾಡಿ ಅಂಟಿಸಿ. ನಿಮ್ಮ ಅಧ್ಯಕ್ಷರ ಹೆಸರಿಗೆ ಮಾತ್ರ ಎರಡು ಸಾಲು ಬೇಕಾಗುತ್ತದೆ. ದಾರಿದೀಪಕ್ಕಾಗಿ ಅವರೇ ಹಿಂದೆ ಅರ್ಜಿ ಕೊಟ್ಟಿದ್ದರೆ, ಆ ಅರ್ಜಿಯಲ್ಲಿ ಹೇಗಿತ್ತೋ ಹಾಗೆಯೇ ಮನವಿಯಲ್ಲಿ ಬರೆಯಿರಿ. ಕೇರಳದ ದಾಖಲೆಗಳಲ್ಲಿ ಇನಿಷಿಯಲ್ ಸಾಮಾನ್ಯವಾಗಿ ಹೆಸರಿನ ಕೊನೆಯಲ್ಲಿ ಬರುತ್ತದೆ, ನಾವು ಆಡುವಾಗ ಮೊದಲಿಗೆ ಹಾಕುತ್ತೇವೆ. ಕಡತ ಹುಡುಕುವವರಿಗೆ ಬೇಕಾದುದು ದಾಖಲೆಯ ರೂಪ. ಉಳಿದ ಎರಡು ಕಾಗದಗಳಲ್ಲಿ ಅವರ ಮನೆಯವರು ಬರೆಯುವ ರೂಪವಿರಲಿ. ಭಟ್ ಎಂದೋ ಭಟ್ಟ ಎಂದೋ ಎಂಬುದನ್ನು ಅವರೇ ಹೇಳಬೇಕು. ಇನ್ನು 'ದಿವಂಗತ' ಎಂಬ ಪದ. ಮನವಿಯಲ್ಲೂ ಆಮಂತ್ರಣದಲ್ಲೂ ಅದು ಬೇಕು. ಸಂತಾಪ ಪತ್ರದಲ್ಲಿ ಅಪ್ಪನನ್ನು ಕಳೆದುಕೊಂಡವರಿಗೆ ಅದನ್ನು ಬರೆದು ತಿಳಿಸಬೇಕಾಗಿಲ್ಲ.

ಎಲ್ಲ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ನೋಡುತ್ತೀರಲ್ಲ, ಆಗ ಪದವನ್ನು ಪೂರ್ತಿ ಕೊಡಬೇಡಿ. 'ಕಾಸರಗೋಡು' ಎಂದು ಹುಡುಕಿದರೆ 'ಕಾಸರಗೋಡಿನಲ್ಲಿ' ಸಿಗುವುದಿಲ್ಲ, ವಿಭಕ್ತಿ ಸೇರುವಾಗ ಕೊನೆಯ ಉಕಾರ ಹೋಗಿರುತ್ತದೆ. 'ಕಾಸರಗೋ' ಎಂದಷ್ಟೇ ಕೊಡಿ. ಒಂದನ್ನು ತೆಗೆದು ಎಲ್ಲೆಡೆ ಇನ್ನೊಂದನ್ನು ಹಾಕುವ ಆಜ್ಞೆಯನ್ನು ಊರ ಹೆಸರುಗಳ ಮೇಲೆ ಬಳಸಲೇಬೇಡಿ. ಕಾಞಂಗಾಡು ಪೇಟೆಯ ಹೆಸರು, ಹೊಸದುರ್ಗ ತಾಲೂಕಿನ ಹೆಸರು. ಎಲ್ಲವೂ ಒಂದೇ ಇರಲಿ ಎಂದು ನಾನೊಮ್ಮೆ ಹಾಗೆ ಬದಲಿಸಿ, ಇಲ್ಲದ 'ಕಾಞಂಗಾಡು ತಾಲೂಕ'ನ್ನು ಸೃಷ್ಟಿಸಿದ್ದೆ!

ಧಾಟಿಯ ತೊಂದರೆ ಬರುವುದು ಬರೆಯುವ ಅನುಕ್ರಮದಿಂದ. ಮನವಿ ಮುಗಿಸಿದ ಕೈ ಇನ್ನೂ ಮನವಿಯನ್ನೇ ಬರೆಯುತ್ತಿರುತ್ತದೆ. ನಿಮ್ಮ ಪತ್ರದಲ್ಲಿ 'ತಮ್ಮ ತಂದೆಯವರ ನಿಧನದ ವಿಷಯ ತಿಳಿದು ಸಂತಾಪ ಸೂಚಿಸಲಾಗಿದೆ' ಎಂಬಂಥ ಸಾಲು ಇದ್ದಿರಬೇಕು. ಯಾರು ಸೂಚಿಸಿದರು? 'ಲಾಗಿದೆ' ಎಂಬಲ್ಲಿ ಬರೆದವರು ಕಾಣಿಸುವುದೇ ಇಲ್ಲ. ಕಚೇರಿಯ ವಾಸನೆ ಬರುವುದು ಅಲ್ಲಿಂದ. 'ನಿಮ್ಮ ತಂದೆಯವರು ಹೋದ ಸುದ್ದಿ ಕೇಳಿ ನಮಗೆಲ್ಲ ಬಹಳ ನೋವಾಯಿತು. ಸಂಜೆ ಗ್ರಂಥಾಲಯದ ಬಾಗಿಲು ತೆರೆಯುವಾಗ ಅವರ ನೆನಪಾಗುತ್ತದೆ' ಎಂದು ಬರೆದರೆ ಅದು ನಿಮ್ಮ ಪತ್ರವಾಗುತ್ತದೆ. ಈ ಪತ್ರವನ್ನು ಎಲ್ಲಕ್ಕಿಂತ ಮೊದಲು, ಸಾಧ್ಯವಾದರೆ ಕೈಯಲ್ಲೇ ಬರೆಯಿರಿ. ಒಂದು ಚಹಾ ಕುಡಿದು ಬಂದು ಆಮಂತ್ರಣಕ್ಕೆ ಕೈ ಹಾಕಿ. ಮನವಿಗೆ ಅಚ್ಚು ಸಿದ್ಧವಾಗಿಯೇ ಇರುವುದರಿಂದ ಅದು ದಣಿದ ತಲೆಗೂ ಒಗ್ಗುತ್ತದೆ, ಕೊನೆಗಿರಲಿ. ಪ್ರತಿ ಕಾಗದದಲ್ಲೂ 'ನೀವು' ಅಥವಾ 'ತಾವು' ಯಾವುದಾದರೂ ಒಂದನ್ನೇ ಹಿಡಿಯಿರಿ.

ತಾರೀಖಿನ ತಪ್ಪು ಹೆಚ್ಚಾಗಿ ಹೋದ ವರ್ಷದ ಕಡತವನ್ನು ತೆರೆದು ತಿದ್ದುವುದರಿಂದ ಆಗುತ್ತದೆ. ಕಯ್ಯಾರರು ಹುಟ್ಟಿದ್ದು 1915ರ ಜೂನ್ 8ರಂದು. 2025ರಲ್ಲಿ ಆ ದಿನ ಭಾನುವಾರ ಬಂತು. ಅದೇ ಆಮಂತ್ರಣದಲ್ಲಿ ಇಸವಿಯನ್ನಷ್ಟೇ 2026 ಎಂದು ತಿದ್ದಿದರೆ ವಾರ ತಪ್ಪುತ್ತದೆ, ಏಕೆಂದರೆ 365 ದಿನಗಳೆಂದರೆ 52 ವಾರ ಕಳೆದು ಒಂದು ದಿನ ಹೆಚ್ಚು. ಅಂದರೆ ಸೋಮವಾರ. ನಡುವೆ ಫೆಬ್ರವರಿ 29 ಬಂದರೆ ಎರಡು ದಿನ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಹಾಳೆಯಲ್ಲಿ ತಾರೀಖಿನ ಪಕ್ಕದಲ್ಲೇ ವಾರವನ್ನೂ ಕ್ಯಾಲೆಂಡರ್ ನೋಡಿ ಬರೆದಿಡಿ. ಎರಡೂ ತಾಳೆಯಾಗದಿದ್ದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. 'ಬರುವ ಭಾನುವಾರ' ಎಂದು ಎಲ್ಲೂ ಬರೆಯಬೇಡಿ, ಕಾಗದ ಕೈಸೇರುವಾಗ ಅದು ಬೇರೆ ಭಾನುವಾರವಾಗಿರಬಹುದು. ಜನ ಸೇರಲಿ ಎಂದು ಕಾರ್ಯಕ್ರಮವನ್ನು ಜೂನ್ 7ರ ಭಾನುವಾರವೇ ಇಡುವುದಾದರೆ, ಆಮಂತ್ರಣದಲ್ಲಿ 'ಜನ್ಮದಿನದಂದು' ಎಂಬುದನ್ನು 'ಜನ್ಮದಿನದ ಅಂಗವಾಗಿ' ಎಂದು ತಿದ್ದಿಕೊಳ್ಳಿ.