ಮುರಿಯುವ ಮುಂಚೆ ಗೆರೆ ಯಾಕೆ ಇಳಿಯುತ್ತೆ?

ಪ್ರಶ್ನೆ: ಬಳ್ಳಾರಿಯಲ್ಲಿ ಮೊದಲ ವರ್ಷದ ಇಂಜಿನಿಯರಿಂಗ್ ಓದ್ತಿದ್ದೀನಿ. ಮೈಲ್ಡ್ ಸ್ಟೀಲ್‌ನ ಸ್ಟ್ರೆಸ್-ಸ್ಟ್ರೇನ್ ಗೆರೆ ಮುರಿಯೋ ಮುಂಚೆ ಕೆಳಗಿಳಿಯುತ್ತೆ, ಕಾಸ್ಟ್ ಐರನ್‌ದು ಇಳಿಯಲ್ಲ. ಯಾಕೆ?

ಸ್ಟೀಲ್ ಸೋತಿದ್ದಕ್ಕಲ್ಲ, ಸರಳು ಒಂದು ಕಡೆ ಸಣ್ಣಗಾಗಿದ್ದಕ್ಕೆ. ಸ್ಟೀಲ್ ಡಕ್ಟೈಲ್, ಅಂದರೆ ಎಳೆದರೆ ಹಿಗ್ಗುತ್ತದೆ. ಗೆರೆಯ ಅತಿ ಎತ್ತರದ ಬಿಂದು ದಾಟಿದ ಮೇಲೆ ಒಂದೇ ಜಾಗ ಕತ್ತಿನ ಹಾಗೆ ಕಿರಿದಾಗುತ್ತದೆ. ಅಲ್ಲಿ ಕಡಿಮೆ ಬಲ ಸಾಕು. ನಾವು ಮಾತ್ರ ಸ್ಟ್ರೆಸ್ ಲೆಕ್ಕಕ್ಕೆ ಆ ಬಲವನ್ನು ಸುಮ್ನೆ ಮೊದಲಿನ ವಿಸ್ತೀರ್ಣದಿಂದಲೇ ಭಾಗಿಸುತ್ತೇವೆ, ಅದಕ್ಕೇ ಗೆರೆ ಇಳಿಯುತ್ತದೆ.

10 ಮಿ.ಮೀ. ವ್ಯಾಸದ ಸರಳು 25 ಕಿಲೋನ್ಯೂಟನ್‌ಗೆ ಮುರಿಯಿತು ಅನ್ನಿ. ಗ್ರಾಫ್ ತೋರಿಸುವುದು ಸುಮಾರು 318 ಮೆಗಾಪ್ಯಾಸ್ಕಲ್. ಮುರಿದ ಜಾಗದ ವ್ಯಾಸ 6.5 ಮಿ.ಮೀ. ಇದ್ದರೆ ಅಲ್ಲಿನ ನಿಜವಾದ ಸ್ಟ್ರೆಸ್ ಸುಮಾರು 750!

ಮಾಮೂಲಿ ಬೂದು ಕಾಸ್ಟ್ ಐರನ್ ಬ್ರಿಟಲ್. ಒಳಗಿನ ಗ್ರಾಫೈಟ್ ಪದರಗಳ ಚೂಪು ತುದಿಯಿಂದ ಬಿರುಕು ಓಡಿ, ಕತ್ತು ಮೂಡುವ ಮೊದಲೇ ಸರಳು ಎರಡಾಗುತ್ತದೆ. ಲ್ಯಾಬಿನಲ್ಲಿ ಮುರಿದ ತುಂಡು ನೋಡಿ: ಸ್ಟೀಲ್‌ನದು ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಮೊನೆ. ಕಾಸ್ಟ್ ಐರನ್‌ದು ಚಪ್ಪಟೆ, ತರಿತರಿ.