ಟಾನ್ಸಿಲ್ ಆಪರೇಷನ್ ಆದ ಮೇಲೆ ಮೊದಲ ದಿನಗಳಲ್ಲಿ ಏನು ತಿನ್ನಬೇಕು?

ಪ್ರಶ್ನೆ: ನನಗೆ 34 ವರ್ಷ. ಟಾನ್ಸಿಲ್ ತೆಗೆಸಿ ಇವತ್ತಿಗೆ ಮೂರು ದಿನ. ನೀರು ನುಂಗಿದರೂ ಕಣ್ಣಲ್ಲಿ ನೀರು ಬರುತ್ತೆ, ಕಿವಿಯೂ ನೋಯುತ್ತೆ. ಮನೆಯವರು ಐಸ್‌ಕ್ರೀಂ ತಿನ್ನು ಸಾಕು ಅಂತಾರೆ. ನಿಜವಾಗಿ ಏನು ತಿನ್ನಬಹುದು, ಏನು ಬಿಡಬೇಕು?

ಉತ್ತರ: ಐಸ್‌ಕ್ರೀಂ ತಿನ್ನಿ, ತಪ್ಪಿಲ್ಲ. ಆದರೆ ಈಗ ನಿಮಗೆ ಊಟಕ್ಕಿಂತ ನೀರು ಮುಖ್ಯ. ನಾಲ್ಕು ದಿನ ಊಟ ಕಡಿಮೆಯಾದರೆ ಮೈ ತಡೆದುಕೊಳ್ಳುತ್ತದೆ. ನೀರು ಕಡಿಮೆಯಾದರೆ ಮಾತ್ರ ಗಂಟಲು ಒಣಗಿ ಗಾಯ ಬಿಗಿಯುತ್ತದೆ, ನುಂಗುವಾಗ ನೋವು ಜಾಸ್ತಿಯಾಗುತ್ತದೆ. ನೋಯುತ್ತದೆ ಅಂತ ಇನ್ನೂ ಕಡಿಮೆ ಕುಡಿಯುತ್ತೀರಿ. ಎಷ್ಟೋ ಜನ ಮತ್ತೆ ಆಸ್ಪತ್ರೆಗೆ ಬಂದು ಡ್ರಿಪ್ ಹಾಕಿಸಿಕೊಳ್ಳುವುದು ಹೀಗೇ.

ಎಚ್ಚರವಿರುವಷ್ಟು ಹೊತ್ತು ಗಂಟೆಗೆ ಅರ್ಧ ಲೋಟ, ಅಂದರೆ ಸುಮಾರು 100 ಮಿ.ಲೀ. ಒಳಗೆ ಹೋಗಲಿ. ಒಂದೇ ಸಲ ಬೇಡ, ಗುಟುಕು ಗುಟುಕಾಗಿ. ದಿನಕ್ಕೆ ಒಂದೂವರೆ ಲೀಟರ್ ಆಗುತ್ತದೆ. ಸಾಲುತ್ತಿದೆಯಾ ಅಂತ ಮೂತ್ರದ ಬಣ್ಣ ನೋಡಿದರೆ ಗೊತ್ತಾಗುತ್ತದೆ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ, ಅಥವಾ ಬೆಳಗ್ಗೆಯಿಂದ ಹೆಚ್ಚು ಮೂತ್ರವೇ ಆಗಿಲ್ಲ ಅಂದರೆ, ಕುಡಿದದ್ದು ಸಾಲದು.

ಇನ್ನು ತಿನ್ನುವ ಹೊತ್ತು. ಡಾಕ್ಟರ್ ಬರೆದುಕೊಟ್ಟ ನೋವಿನ ಔಷಧವನ್ನು ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಿ. ನೋವು ಏರಿದ ಮೇಲೆ ನುಂಗಿದರೆ ಅದು ಹಿಡಿತಕ್ಕೆ ಬರಲು ಬಹಳ ಹೊತ್ತು ಬೇಕು. ಮಾತ್ರೆ ಇಳಿಯುತ್ತಿಲ್ಲವಾದರೆ ಸಿರಪ್ ರೂಪದಲ್ಲಿ ಕೇಳಿ. ಬೆಳಗ್ಗೆ 7ಕ್ಕೆ ಔಷಧ ತೆಗೆದುಕೊಂಡಿರಿ ಅಂದುಕೊಳ್ಳೋಣ. 7.30ಕ್ಕೆ ಐಸ್ ಚೂರು ಐದು ನಿಮಿಷ ಬಾಯಲ್ಲಿಟ್ಟು ಚೀಪಿ, ಗಂಟಲು ಸ್ವಲ್ಪ ಮರಗಟ್ಟಲಿ. ಆಮೇಲೆ ಎರಡು ಗುಟುಕು ನೀರು. ಮೊದಲ ಎರಡು ಮೂರು ನುಂಗುವಿಕೆಯೇ ಜಾಸ್ತಿ ನೋಯುವುದು, ಅಲ್ಲಿಗೇ ನಿಲ್ಲಿಸಬೇಡಿ. ಗಂಟಲಿನ ಸ್ನಾಯು ಸಡಿಲವಾದಂತೆ ಮುಂದಿನವು ಸುಲಭ. ಈಗ ಮಾಗಿದ ಬಾಳೆಹಣ್ಣನ್ನು ಹುಳಿಯಿಲ್ಲದ ಮೊಸರಿನ ಜೊತೆ ಮಿಕ್ಸಿಯಲ್ಲಿ ತಿರುವಿ, ಅರ್ಧ ಬಟ್ಟಲು ಚಮಚದಲ್ಲಿ ತಿನ್ನಿ.

ಮಧ್ಯಾಹ್ನಕ್ಕೆ ಗಂಜಿಯಷ್ಟು ಮೆತ್ತಗೆ ಬೇಯಿಸಿದ ಅನ್ನ, ಬೆಣ್ಣೆ ಹಾಕಿ ನುಣ್ಣಗೆ ಹಿಸುಕಿದ ಆಲೂಗಡ್ಡೆ, ಸೋಸಿದ ಬೇಳೆ ಕಟ್ಟು, ಮೆತ್ತಗೆ ಕಲಕಿ ಬೇಯಿಸಿದ ಮೊಟ್ಟೆ, ಇವುಗಳಲ್ಲಿ ಯಾವುದಾದರೂ ಸರಿ. ಎಲ್ಲವೂ ಆರಿರಬೇಕು. ತಣ್ಣಗೇ ಇರಬೇಕೆಂಬ ನಿಯಮವಿಲ್ಲ. ಕೆಲವರಿಗೆ ಫ್ರಿಜ್‌ನ ತಂಪು ಹಿತ, ಕೆಲವರಿಗೆ ಉಗುರು ಬೆಚ್ಚಗಿನದು. ನಿಮಗೆ ಯಾವುದು ಇಳಿಯುತ್ತದೋ ಅದೇ. ಹಾಲು, ಐಸ್‌ಕ್ರೀಂ ತಿಂದ ಮೇಲೆ ಗಂಟಲಲ್ಲಿ ಅಂಟಂಟು ಅನ್ನಿಸಿದರೆ ಒಂದು ಗುಟುಕು ನೀರು ಕುಡಿಯಿರಿ.

ಬಿಡಬೇಕಾದ್ದರಲ್ಲಿ ಮೊದಲನೆಯದು ಚೂಪು ಅಂಚಿನದು: ಚಿಪ್ಸ್, ಟೋಸ್ಟ್, ಬೀಜಗಳು. ಇವು ಗಾಯವನ್ನು ಕೆರೆಯುತ್ತವೆ. ಕಿತ್ತಳೆ, ನಿಂಬೆ, ಟೊಮ್ಯಾಟೊ ಉರಿ ಹತ್ತಿಸುತ್ತವೆ. ಜೇನು ನಿಂಬೆ ಒಳ್ಳೆಯದು ಅಂತ ಯಾರಾದರೂ ಕೊಟ್ಟರೆ ನಿಂಬೆ ಬೇಡ ಅನ್ನಿ. ಖಾರ, ಮದ್ಯ, ಹೊಗೆ ಬರುವಷ್ಟು ಬಿಸಿ ಕಾಫಿ ಟೀ ಬೇಡ. ಜೋರಾಗಿ ಗಳಗಳ ಬಾಯಿ ಮುಕ್ಕಳಿಸುವುದೂ ಬೇಡ. ಇನ್ನೊಂದು ಮಾತು: ಕೆಂಪು ಬಣ್ಣದ ಜೆಲ್ಲಿ, ಜ್ಯೂಸ್ ಬಿಟ್ಟುಬಿಡಿ. ಉಗುಳಿದಾಗ ಅದು ಬಣ್ಣವೋ ರಕ್ತವೋ ಗೊತ್ತಾಗುವುದಿಲ್ಲ.

ಕಿವಿ ನೋವಿಗೆ ಹೆದರಬೇಡಿ. ಗಂಟಲಿಗೂ ಕಿವಿಗೂ ಒಂದೇ ನರ ಹೋಗುವುದರಿಂದ ಗಂಟಲ ನೋವು ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಗಾಯದ ಮೇಲೆ ಬಿಳಿ ಹಳದಿ ಪೊರೆ ಕಂಡರೆ ಅದು ಕೀವಲ್ಲ, ಮಾಯುವಾಗ ಕಟ್ಟುವ ಪದರ. ಬಾಯಿ ವಾಸನೆ ಬರುವುದೂ ಅದರಿಂದಲೇ. ಒಂದು ವಿಷಯ ಈಗಲೇ ತಿಳಿದಿರಲಿ: ದೊಡ್ಡವರಲ್ಲಿ ನೋವು ದಿನದಿನಕ್ಕೆ ನೇರವಾಗಿ ಇಳಿಯುವುದಿಲ್ಲ. ನಾಳೆ ನಾಡಿದ್ದು ಇನ್ನೂ ಹೆಚ್ಚಬಹುದು. ಬೆಳಗ್ಗೆ ಎದ್ದಾಗಲಂತೂ ರಾತ್ರಿಯೆಲ್ಲಾ ಬಾಯಿ ಒಣಗಿರುವುದರಿಂದ ತುಂಬಾ ಕಷ್ಟ. ತಲೆಯ ಕೆಳಗೆ ಎರಡು ದಿಂಬು ಇಟ್ಟುಕೊಳ್ಳಿ, ಪಕ್ಕದಲ್ಲಿ ನೀರಿರಲಿ, ಎಚ್ಚರವಾದಾಗಲೆಲ್ಲಾ ಗುಟುಕು ಕುಡಿಯಿರಿ.

ಐದರಿಂದ ಹತ್ತನೇ ದಿನದೊಳಗೆ ಆ ಪದರ ಕಳಚುತ್ತದೆ. ರಕ್ತ ಬರುವ ಅಪಾಯ ಜಾಸ್ತಿ ಇರುವುದು ಆಗಲೇ. ಹಸಿವು ತಿರುಗಿ ಬಂದಿದೆ ಅಂತ ಆರನೇ ದಿನ ಗಟ್ಟಿ ರೊಟ್ಟಿ ಕಡಿಯಲು ಹೋಗಬೇಡಿ. ಆಸ್ಪಿರಿನ್ ಇರುವ ಯಾವ ಮಾತ್ರೆಯನ್ನೂ ನೀವಾಗಿ ನುಂಗಬೇಡಿ. ಬೇರೆ ಕಾಯಿಲೆಗೆ ದಿನಾ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳಿ. ಉಗುಳಿನಲ್ಲಿ ತಾಜಾ ಕೆಂಪು ರಕ್ತ ಕಂಡರೆ, ಅದು ತಾನಾಗಿ ನಿಂತರೂ ತಕ್ಷಣ ಆಸ್ಪತ್ರೆಗೆ ಹೋಗಿ, ನಿಮ್ಮ ಗಾಡಿ ನೀವೇ ಓಡಿಸಬೇಡಿ. ಎಂಜಲೂ ನುಂಗಲಾಗದೆ ಸುರಿಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ ಆಗಲೂ ಹಾಗೇ. ಜ್ವರ ಏರುತ್ತಲೇ ಇದ್ದರೆ, ಅಥವಾ ಇಡೀ ದಿನ ನೀರು ಇಳಿಯದಿದ್ದರೆ ಮರುದಿನಕ್ಕೆ ಕಾಯದೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ.